ಬ್ರೇಕ್ ಸದ್ದು ನಿಂತಿದೆ ಅಂತ ಖುಷಿಪಡಬೇಡಿ: ಚಾಮುಂಡಿ ಬೆಟ್ಟ ಇಳಿಯುವಾಗ ಆದದ್ದು

ಮೈಸೂರಿನಲ್ಲಿ ಬೆಳಗ್ಗೆ ಬೆಟ್ಟಕ್ಕೆ ಸೈಕಲ್ ಹೊಡೆಯುವವರು ಇದನ್ನು ಓದಲೇಬೇಕು. ಸರ್ವೀಸಿಗೆ ಬಿಡುವಾಗ "ಬ್ರೇಕ್ ಕಿರುಚುತ್ತಿದೆ, ನೋಡಿ" ಅಂತ ಹೇಳುತ್ತೇವಲ್ಲ, ಆ ಕಿರುಚಾಟವನ್ನು ಕೆಲವು ಕಡೆ ಎಣ್ಣೆ ಹೊಡೆದು ನಿಲ್ಲಿಸುತ್ತಾರೆ. ಚೈನ್‌ಗೋ ತುಕ್ಕಿಗೋ ಹೊಡೆಯುವ ಸ್ಪ್ರೇಯನ್ನೇ ಬ್ರೇಕ್ ಶೂ ಮೇಲೂ ಒಂದು ಸಲ "ಪುಸ್ಸ್" ಅನ್ನಿಸಿಬಿಡುತ್ತಾರೆ. ಸದ್ದು ಹೋಗುತ್ತದೆ. ಅದರ ಜೊತೆಗೆ ಬ್ರೇಕೂ ಹೋಗುತ್ತದೆ.

ನನ್ನದು ಏಳು ಗೇರಿನ ಮಾಮೂಲಿ ಸೈಕಲ್ಲು. ಅಲ್ಯೂಮಿನಿಯಂ ರಿಮ್ಮು, ರಿಮ್ಮನ್ನು ಎರಡು ಕಡೆಯಿಂದ ಒತ್ತುವ ವಿ-ಬ್ರೇಕು. ಮಳೆಗಾಲ ಮುಗಿದ ಮೇಲೆ ಮುಂದಿನ ಬ್ರೇಕ್ ಹಿಡಿದರೆ ಸಾಕು, ಬೀದಿಯವರೆಲ್ಲ ತಿರುಗಿ ನೋಡುವಷ್ಟು ಕಿರುಚುತ್ತಿತ್ತು. ಊರೊಳಗಿನ ಒಂದು ಅಂಗಡಿಗೆ ಜನರಲ್ ಸರ್ವೀಸಿಗೆ ಬಿಟ್ಟೆ. ಅಂಗಡಿ ಹೆಸರು ಇಲ್ಲಿ ಬೇಡ. ಹಿಂದಿನ ಬ್ರೇಕಿಗೆ ಹೊಸ ಕೇಬಲ್ ಹಾಕಿಸಿದ್ದೇನೆ ಅಂದರು, ಮುಂದಿನ ಚಕ್ರ ತಿರುಗಿಸಿ ಬ್ರೇಕ್ ಹಿಡಿದು ತೋರಿಸಿದರು. "ನೋಡಿ ಸರ್, ಸೌಂಡೇ ಇಲ್ಲ." ನಿಜಕ್ಕೂ ಇರಲಿಲ್ಲ. ಅಂಗಡಿಯಿಂದ ಮನೆಗೆ ಸಂಜೆಯ ಟ್ರಾಫಿಕ್ಕು, ಆಮೆ ವೇಗ, ಏನೂ ಗೊತ್ತಾಗಲಿಲ್ಲ.

ಬೆಟ್ಟ ಹತ್ತುವಾಗ ಬ್ರೇಕಿನ ಕೆಲಸವೇ ಇಲ್ಲ ಅಲ್ವಾ? ಹಾಗಾಗಿ ಮೇಲೆ ಹೋಗುವ ತನಕವೂ ತಿಳಿಯಲಿಲ್ಲ. ಮೈಸೂರಿನ ನೆಲದಿಂದ ಬೆಟ್ಟದ ತುದಿಗೆ ಸುಮಾರು ಮುನ್ನೂರು ಮೀಟರ್ ಎತ್ತರ. ಇಳಿಯುವಾಗ ಆ ಎತ್ತರದ ಭಾರವೆಲ್ಲ ನಾಲ್ಕು ತುಂಡು ರಬ್ಬರಿನ ಮೇಲೆ ಬೀಳುತ್ತದೆ. ಇಳಿಜಾರಿನಲ್ಲಿ ವೇಗ ಏರಿತು. ತಿರುವು ಬಂತು ಅಂತ ಎರಡೂ ಲಿವರ್ ಹಿಡಿದೆ. ಮುಂದಿನ ಲಿವರ್ ಅರ್ಧಕ್ಕೇ ಗಟ್ಟಿಯಾಗಿ ನಿಂತಿತು, ಆದರೆ ಸೈಕಲ್ಲು ನಿಲ್ಲಲಿಲ್ಲ. ಸೋಪು ಹಚ್ಚಿದ ತಟ್ಟೆಯನ್ನು ಹಿಡಿದ ಹಾಗೆ ರಿಮ್ಮು ಶೂಗಳ ನಡುವೆ ಜಾರಿಕೊಂಡು ಹೋಗುತ್ತಿತ್ತು. ಹಿಂದಿನದು ಇನ್ನೂ ಚೆಂದ. ಲಿವರ್ ಸೀದಾ ಬಂದು ಹ್ಯಾಂಡಲ್‌ಗೆ ಅಂಟಿಕೊಂಡಿತು. ಎದುರಿಗೆ ಸಿಟಿ ಬಸ್ಸು ಏರುತ್ತಿತ್ತು. ಗುಡ್ಡದ ಕಡೆಯ ಅಂಚಿನ ಮಣ್ಣಿಗೆ ಸೈಕಲ್ ಹೊರಳಿಸಿ ಬಿದ್ದೆ. ಮೊಣಕೈ, ಮಂಡಿ ತರಚಿತು, ಮುಂದಿನ ಚಕ್ರ ಎಂಟಾಕಾರ ಆಯಿತು. ಇನ್ನೊಂದು ಬದಿಗೆ ಹೋಗಿದ್ದರೆ ಈ ಬರಹ ಇರುತ್ತಿರಲಿಲ್ಲ.

ಆ ವಾರವೇ ಮಂಡ್ಯಕ್ಕೆ, ನನ್ನ ಹೆಂಡತಿಯ ತವರಿಗೆ, ಹೋಗುವುದಿತ್ತು. ಅಲ್ಲಿ ನನ್ನ ಮಾವ ಸದಾ ಹೊಗಳುವ ಒಬ್ಬ ವಯಸ್ಸಾದ ಮೆಕ್ಯಾನಿಕ್ ಇದ್ದಾರೆ. ಸೈಕಲ್ಲನ್ನು ಕಾರಿನ ಹಿಂದೆ ಹಾಕಿಕೊಂಡು ಹೋಗಿ ಅವರ ಮುಂದೆ ಇಟ್ಟೆ. ಅವರು ಮೊದಲು ಸ್ಪ್ಯಾನರ್ ಮುಟ್ಟಲಿಲ್ಲ. ಬಿಳಿ ಬಟ್ಟೆಯ ಚೂರು ತಗೊಂಡು ಮುಂದಿನ ರಿಮ್ಮಿನ ಪಕ್ಕೆಯನ್ನು ಒಂದು ಸುತ್ತು ಒರೆಸಿದರು. ಬಟ್ಟೆ ಕಪ್ಪಾಯಿತು. ಅದು ಮಾಮೂಲಿ, ಯಾವ ರಿಮ್ ಒರೆಸಿದರೂ ಬೂದುಬಣ್ಣದ ಧೂಳು ಬರುತ್ತದೆ. ಆದರೆ ಅವರು ಆ ಕಪ್ಪನ್ನು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ತೋರಿಸಿದರು. ಒಣ ಧೂಳಾದರೆ ಉದುರುತ್ತದೆ. ಇದು ಮಿರಮಿರ ಮಿಂಚುತ್ತಾ ಬೆರಳಿಗೆ ಮೆತ್ತಿಕೊಂಡಿತು. ಮೂಗಿನ ಹತ್ತಿರ ಹಿಡಿದು ಕೇಳಿದರು: "ಯಾರ್ ಸಾ ಇದ್ಕೆ ಎಣ್ಣೆ ಬುಟ್ಟೋರು?"

ಆಮೇಲೆ ಅವರು ಹೇಳಿದ ಒಂದು ಮಾತು ನಿಮಗೆಲ್ಲ ಉಪಯೋಗಕ್ಕೆ ಬರುತ್ತದೆ. ಬ್ರೇಕ್ ಹಿಡಿಯುತ್ತಿಲ್ಲ ಅಂದರೆ ಮೊದಲು ಲಿವರ್ ಏನು ಹೇಳುತ್ತದೆ ಕೇಳಿ. ಲಿವರ್ ಗಟ್ಟಿಯಾಗಿದ್ದೂ ಸೈಕಲ್ ನಿಲ್ಲದಿದ್ದರೆ ತೊಂದರೆ ಶೂ ಮತ್ತು ರಿಮ್ ನಡುವೆ ಇದೆ: ಜಿಡ್ಡು, ನೀರು, ಇಲ್ಲವೇ ಹಳಸಿ ಕಲ್ಲಾದ ರಬ್ಬರು. ಲಿವರ್ ಮೆತ್ತಗೆ ಹ್ಯಾಂಡಲ್ ತನಕ ಬಂದರೆ ತೊಂದರೆ ಕೇಬಲ್‌ನಲ್ಲಿದೆ, ಅಥವಾ ಶೂ ಸವೆದು ರಿಮ್ಮಿಗೆ ದೂರವಾಗಿದೆ. ಮೊದಲನೆಯದಕ್ಕೆ ಕೇಬಲ್ ಎಷ್ಟು ಬಿಗಿ ಮಾಡಿದರೂ ಪ್ರಯೋಜನವಿಲ್ಲ. ಎರಡನೆಯದಕ್ಕೆ ರಿಮ್ ಎಷ್ಟು ತೊಳೆದರೂ ಅಷ್ಟೇ. ನನ್ನ ಸೈಕಲ್ಲಿನಲ್ಲಿ ಮುಂದೆ ಮೊದಲನೆಯದು, ಹಿಂದೆ ಎರಡನೆಯದು.

ಮುಂದಿನ ಶೂ ಬಿಚ್ಚಿದಾಗ ಮೊದಲು ಯಾಕೆ ಕಿರುಚುತ್ತಿತ್ತು ಅನ್ನುವುದೂ ಗೊತ್ತಾಯಿತು. ಶೂ ಮೇಲೆ ಅಡ್ಡಡ್ಡ ಕಾಲುವೆಗಳಿರುತ್ತವೆ ನೋಡಿ. ನನ್ನ ಶೂನಲ್ಲಿ ಅವು ಹೆಚ್ಚುಕಡಿಮೆ ಅಳಿಸಿಹೋಗಿದ್ದವು. ಕಾಲುವೆ ಕಾಣದಿದ್ದರೆ ಶೂ ಮುಗಿಯಿತು ಅಂತ ಲೆಕ್ಕ, ಅದಕ್ಕೂ ಮುಂದೆ ಓಡಿಸಿದರೆ ಒಳಗಿನ ಲೋಹ ರಿಮ್ಮನ್ನೇ ಕೆರೆಯುತ್ತದೆ. ಉಳಿದ ರಬ್ಬರಿನಲ್ಲಿ ಬೆಳ್ಳಿಯ ಹಾಗೆ ಮಿನುಗುವ ಚುಕ್ಕೆಗಳಿದ್ದವು. ಅವು ರಿಮ್ಮಿನಿಂದ ಕಿತ್ತು ಬಂದು ಕೂತ ಅಲ್ಯೂಮಿನಿಯಂ ಚೂರುಗಳು. ಸಾಲದ್ದಕ್ಕೆ ಶೂ ಕೆಳಗೆ ಕೂತು, ಅದರ ಕೆಳಅಂಚು ರಿಮ್ಮಿಗೆ ತಾಗದೆ ತುಟಿಯ ಹಾಗೆ ಹೊರಚಾಚಿತ್ತು. ಇಷ್ಟಕ್ಕೂ ಬೇಕಿದ್ದದ್ದು ಹೊಸ ಶೂ, ನೆಟ್ಟಗೆ ಕೂರಿಸುವ ಹತ್ತು ನಿಮಿಷ. ಒಂದು ಜೊತೆ ಶೂ ಬೆಲೆ ಸರ್ವೀಸ್ ಚಾರ್ಜಿಗಿಂತ ಕಡಿಮೆ!

ಎಣ್ಣೆ ಬಿದ್ದ ಶೂ ಉಳಿಸಿಕೊಳ್ಳಲು ಹೋಗಬೇಡಿ. ರಬ್ಬರ್ ಎಣ್ಣೆ ಹೀರಿರುತ್ತದೆ, ಮೇಲೆ ಸ್ಯಾಂಡ್ ಪೇಪರ್ ಹಾಕಿ ಉಜ್ಜಿದರೂ ಬಿಸಿಯಾದಾಗ ಮತ್ತೆ ಒಸರುತ್ತದೆ. ಬರೀ ಒಣಗಿ ನುಣುಪಾದ ಶೂ ಆದರೆ ಉಜ್ಜಿ, ಚೂರುಗಳನ್ನು ಪಿನ್ನಿನಿಂದ ತೆಗೆದು ಇನ್ನೂ ಸ್ವಲ್ಪ ದಿನ ಓಡಿಸಬಹುದು. ರಿಮ್ಮನ್ನಂತೂ ಉಳಿಸಲೇಬೇಕು. ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್ ಮತ್ತು ಬಿಸಿನೀರಿನಲ್ಲಿ ಉಜ್ಜಿ ತೊಳೆದರು, ಒಣಗಿಸಿದರು. ಆಮೇಲೆ ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಹಾಕಿ ಒರೆಸಿದರು. ಬಟ್ಟೆ ಬದಲಿಸುತ್ತಾ, ಜಿಡ್ಡು ಬರುವುದು ನಿಲ್ಲುವ ತನಕ. ಸೀಮೆಎಣ್ಣೆ ಬೇಡವೇ ಬೇಡ, ಅದೇ ಒಂದು ಜಿಡ್ಡು. ಪೆಟ್ರೋಲ್ ಟೈರಿನ ರಬ್ಬರಿಗೆ ಒಳ್ಳೆಯದಲ್ಲ. ಮನೆಯಲ್ಲಿ ಉಳಿದ ಸ್ಯಾನಿಟೈಸರ್ ಹಾಕೋಣ ಅಂದೆ. ಅದರಲ್ಲಿ ಕೈ ಒಣಗದಿರಲಿ ಅಂತ ಗ್ಲಿಸರಿನ್ ಇರುತ್ತದೆ, ಅದೂ ಜಾರುತ್ತದೆ ಅಂದರು.

ಹೊಸ ಶೂ ಕೂರಿಸಿದ್ದು ಹೀಗೆ. ಐದು ಎಂಎಂ ಅಲೆನ್ ಕೀಯಿಂದ ನಟ್ ಅರ್ಧ ಬಿಗಿ ಮಾಡಿ, ಲಿವರ್ ಒತ್ತಿ ಶೂವನ್ನು ರಿಮ್ಮಿಗೆ ತಾಗಿಸಿಟ್ಟರು. ಶೂ ಪೂರ್ತಿ ರಿಮ್ಮಿನ ಮೇಲೇ ಕೂರಬೇಕು, ರಿಮ್ಮಿನ ಬಾಗಿಗೆ ಸರಿಯಾಗಿ. ಮೇಲೆ ಹೋದರೆ ಟೈರಿನ ಪಕ್ಕೆ ಕೊಯ್ಯುತ್ತದೆ, ಒಂದು ದಿನ ಟೈರೇ ಸಿಡಿಯುತ್ತದೆ. ಕೆಳಗೆ ಇಳಿದರೆ ಕಡ್ಡಿಗಳ ಕಡೆ ಜಾರಬಹುದು. ಆಮೇಲೆ ಸದ್ದಿಗೆ ನಿಜವಾದ ಮದ್ದು: ಶೂನ ಹಿಂಬದಿಯ ತುದಿ ಮತ್ತು ರಿಮ್ ನಡುವೆ ಮದುವೆ ಕರೆಯೋಲೆಯ ಒಂದು ಚೂರು ಮಡಿಸಿ ಸಿಕ್ಕಿಸಿದರು, ಸುಮಾರು ಒಂದು ಮಿಲಿಮೀಟರ್ ದಪ್ಪ. ಹಾಗೇ ಹಿಡಿದುಕೊಂಡು ನಟ್ ಪೂರ್ತಿ ಬಿಗಿ ಮಾಡಿ ಚೂರು ಎಳೆದುಬಿಟ್ಟರು. ಈಗ ಸೈಕಲ್ಲಿನ ಮುಂದಿನ ಕಡೆಗಿರುವ ತುದಿ ಮೊದಲು ತಾಗುತ್ತದೆ, ಒತ್ತಡ ಹೆಚ್ಚಿದಾಗ ಉಳಿದದ್ದು ಕೂರುತ್ತದೆ. ಇದಿಲ್ಲದಿದ್ದರೆ ಶೂ ರಿಮ್ಮನ್ನು ಕ್ಷಣಕ್ಕೆ ಹಲವು ಸಲ ಹಿಡಿದು ಬಿಟ್ಟು ಹಿಡಿದು ಬಿಟ್ಟು ಅದುರುತ್ತದೆ. ನಮಗೆ ಕೇಳುವ ಕಿರುಚಾಟ ಆ ಅದುರಾಟವೇ. ಎಣ್ಣೆ ಹಾಕಿದರೆ ಅದುರಾಟ ನಿಲ್ಲುತ್ತದೆ ನಿಜ, ಯಾಕೆಂದರೆ ಹಿಡಿತವೇ ಇರುವುದಿಲ್ಲ.

ಹಿಂದಿನ ಬ್ರೇಕಿನ ಕಥೆ ಬೇರೆ. ಹೊಸ ಕೇಬಲ್ ನಾಲ್ಕು ದಿನದಲ್ಲಿ "ಸ್ಟ್ರೆಚ್" ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಒಳಗಿನ ಸ್ಟೀಲ್ ವೈರ್ ಹಾಗೆಲ್ಲ ಉದ್ದ ಆಗುವುದು ತೀರಾ ಕಮ್ಮಿ. ವೈರ್ ಓಡಾಡುವ ಹೊರಗಿನ ಕೊಳವೆ, ಅಂದರೆ ಔಟರು, ಅದರ ತುದಿಗಳು ಕ್ಯಾಪ್‌ಗಳ ಒಳಗೆ ಗಟ್ಟಿಯಾಗಿ ಕೂರುತ್ತವೆ, ಅದರಿಂದ ಸಡಿಲ ಬರುತ್ತದೆ. ಒಳ್ಳೆಯ ಮೆಕ್ಯಾನಿಕ್ ಕೇಬಲ್ ಹಾಕಿದ ಮೇಲೆ ಲಿವರನ್ನು ಹತ್ತಾರು ಸಲ ಬಲವಾಗಿ ಒತ್ತಿ, ಬಂದ ಸಡಿಲವನ್ನು ಎಳೆದು ಮತ್ತೆ ಬಿಗಿ ಮಾಡುತ್ತಾರೆ. ನನ್ನದರಲ್ಲಿ ಆದದ್ದು ಅದಕ್ಕಿಂತ ಕೆಟ್ಟದ್ದು. ವೈರನ್ನು ಕಚ್ಚಿ ಹಿಡಿಯುವ ಬೋಲ್ಟ್ ಇದೆಯಲ್ಲ, ಅದರ ಕೆಳಗೆ ವೈರ್ ಚಪ್ಪಟೆಯಾಗಿ ಒಂದು ಗುರುತು ಬೀಳುತ್ತದೆ. ಆ ಗುರುತು ಬೋಲ್ಟಿನಿಂದ ಒಂದು ಸೆಂಟಿಮೀಟರಿನಷ್ಟು ಆಚೆ ಬಂದು ನಿಂತಿತ್ತು. ಅಂದರೆ ಬೋಲ್ಟ್ ಸರಿಯಾಗಿ ಬಿಗಿ ಮಾಡಿರಲೇ ಇಲ್ಲ. ಬೆಟ್ಟದಲ್ಲಿ ನಾನು ಜೋರಾಗಿ ಹಿಡಿದಾಗ ವೈರ್ ಜಾರಿದೆ. ಲಿವರ್ ಹತ್ತಿರದ ಅಡ್ಜಸ್ಟರ್ ಎಷ್ಟು ತಿರುಗಿಸಿದರೂ ಇದು ಸರಿಹೋಗುವುದಿಲ್ಲ. ಆ ಅಡ್ಜಸ್ಟರ್ ಇರುವುದು ಶೂ ಸವೆದಾಗ ಸಣ್ಣಪುಟ್ಟ ಸಡಿಲ ತೆಗೆಯಲು. ಅದನ್ನು ಪೂರ್ತಿ ಒಳಗೆ ತಿರುಗಿಸಿ, ವೈರ್ ಎಳೆದು, ಬೋಲ್ಟ್ ಬಿಗಿ ಮಾಡಿ, ಲಿವರ್ ಒತ್ತಿದರೆ ಹ್ಯಾಂಡಲ್‌ಗೆ ಎರಡು ಬೆರಳು ದೂರದಲ್ಲಿ ನಿಲ್ಲುವಂತೆ ಮಾಡಿಕೊಟ್ಟರು. ವೈರಿನ ಎಳೆ ಒಂದೇ ಒಂದು ಬಿಚ್ಚಿಕೊಂಡಿದ್ದರೂ ಹೊಸದು ಹಾಕಿಸಿ, ಉಳಿದ ಎಳೆಗಳನ್ನು ನಂಬಬೇಡಿ.

ಅಂಗಡಿಯಿಂದ ಸೈಕಲ್ ತಗೊಳ್ಳುವಾಗ ದುಡ್ಡು ಕೊಡುವ ಮೊದಲು ಹೀಗೆ ನೋಡಿ. ಚಕ್ರ ಗಾಳಿಯಲ್ಲಿ ತಿರುಗಿಸಿ ಬ್ರೇಕ್ ಹಿಡಿದು ತೋರಿಸಿದರೆ ಒಪ್ಪಬೇಡಿ, ಜಿಡ್ಡಾದ ಬ್ರೇಕೂ ಖಾಲಿ ಚಕ್ರವನ್ನು ನಿಲ್ಲಿಸುತ್ತದೆ. ಸೈಕಲ್ ಪಕ್ಕ ನಿಂತು, ನಡೆಯುವ ವೇಗದಲ್ಲಿ ತಳ್ಳುತ್ತಾ ಮುಂದಿನ ಬ್ರೇಕ್ ಮಾತ್ರ ಗಟ್ಟಿ ಹಿಡಿಯಿರಿ. ಹಿಂದಿನ ಚಕ್ರ ನೆಲದಿಂದ ಏಳಬೇಕು. ಹಿಂದಿನದನ್ನು ಮಾತ್ರ ಹಿಡಿದರೆ ಹಿಂಚಕ್ರ ತಿರುಗದೆ ಎಳೆದುಕೊಂಡು ಬರಬೇಕು. ಆಮೇಲೆ ನಿಂತಲ್ಲೇ ಎರಡೂ ಲಿವರನ್ನು ನಿಮ್ಮ ಪೂರ್ತಿ ಬಲ ಹಾಕಿ ನಾಲ್ಕೈದು ಸಲ ಒತ್ತಿ. ಜಾರುವ ಬೋಲ್ಟ್ ಅಲ್ಲೇ ಜಾರಲಿ.

ಡಿಸ್ಕ್ ಬ್ರೇಕ್ ಇರುವವರಿಗೆ ಇದು ಇನ್ನೂ ಕಟ್ಟುನಿಟ್ಟು. ಡಿಸ್ಕಿನ ಹತ್ತಿರ ಯಾರೂ ಸ್ಪ್ರೇ ಡಬ್ಬಿ ತರಲು ಬಿಡಬೇಡಿ, ಚೈನಿಗೆ ಹೊಡೆದದ್ದು ಗಾಳಿಗೆ ಹಾರಿ ಡಿಸ್ಕ್ ಮೇಲೆ ಕೂತರೂ ಸಾಕು, ಪ್ಯಾಡ್ ಹಾಳಾಗುತ್ತದೆ. ಚೈನಿಗೆ ಎಣ್ಣೆಯನ್ನು ಹನಿಹನಿಯಾಗಿ ಬಿಡಲು ಹೇಳಿ.

ಮೊದಲಿನ ಅಂಗಡಿಗೂ ಹೋಗಿ ಹಳೇ ಶೂ ಮೇಜಿನ ಮೇಲೆ ಇಟ್ಟೆ. "ಸೌಂಡ್ ಹೋಗಬೇಕು ಅಂದ್ರಿ, ಹೋಯ್ತಲ್ವಾ ಸರ್" ಅಂದರು. ಚಕ್ರ ಸರಿಮಾಡಿಸಿದ ಖರ್ಚು ಕೊಡಲಿಲ್ಲ.