ಹಡಗಿನ ಕೆಲಸಕ್ಕೆ ದುಡ್ಡು ಕೇಳಿದರೆ ಅಲ್ಲೇ ನಿಲ್ಲಿಸಿ

ನಾನು ದಾವಣಗೆರೆಯವನು, ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದವನು. ಕ್ರೂಸ್ ಹಡಗಿನಲ್ಲಿ ಕೆಲಸ ಕೊಡಿಸುತ್ತೇವೆ ಎಂದ ಏಜೆನ್ಸಿಯೊಂದಕ್ಕೆ ಕಳೆದ ವರ್ಷ 1,85,000 ರೂಪಾಯಿ ಕೊಟ್ಟು ಕಳೆದುಕೊಂಡೆ. ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುತ್ತಾರೆ. ಅಮ್ಮನ ಸರ ಅಡವಿಟ್ಟು ಹೊಂದಿಸಿದ ದುಡ್ಡು ಅದು. ಈ ವರ್ಷ ಓದು ಮುಗಿಸಿದ ನನ್ನ ಜೂನಿಯರ್‌ಗಳಿಗೂ ಅದೇ ಮಾತಿನ ಫೋನ್ ಬರುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು 25,000 ರಿಜಿಸ್ಟ್ರೇಷನ್ ಅಂದರು. ಆಮೇಲೆ ಸೇಫ್ಟಿ ಟ್ರೈನಿಂಗ್ ಮತ್ತು ಸಿಡಿಸಿಗೆ, ಅಂದರೆ ನಾವಿಕರ ಪುಸ್ತಕಕ್ಕೆ, 60,000. ಕೊನೆಗೆ ವೀಸಾ, ಜಾಯ್ನಿಂಗ್ ಅಂತ ಒಂದು ಲಕ್ಷ. ಎಲ್ಲವೂ ಒಬ್ಬ ವ್ಯಕ್ತಿಯ ಖಾತೆಗೆ ಯುಪಿಐ ಮೂಲಕ ಹೋಯಿತು.

ಟ್ರೈನಿಂಗ್ ನಡೆದದ್ದು ಒಂದು ಬಾಡಿಗೆ ರೂಮಿನಲ್ಲಿ, ಎರಡು ದಿನ. ಗೋಡೆಗೆ ಪ್ರೊಜೆಕ್ಟರ್ ಹಾಕಿ ಲೈಫ್ ಜಾಕೆಟ್‌ನ ಚಿತ್ರ ತೋರಿಸಿದರು. ಮೂರನೇ ದಿನ ಸರ್ಟಿಫಿಕೇಟ್ ಕೈಗೆ ಬಂತು. ನನಗೆ ಆಗಲೇ ಅನುಮಾನ ಬರಬೇಕಿತ್ತು. ನಿಜವಾದ ಕೋರ್ಸ್‌ನಲ್ಲಿ ಲೈಫ್ ಜಾಕೆಟ್ ಹಾಕಿಸಿ ಈಜುಕೊಳಕ್ಕೆ ಧುಮುಕಿಸುತ್ತಾರೆ, ನೀರಿನಿಂದ ಲೈಫ್‌ರಾಫ್ಟ್ ಹತ್ತಿಸುತ್ತಾರೆ. ಬೆಂಕಿ ಆರಿಸುವುದನ್ನೂ ಕೈಯಾರೆ ಮಾಡಿಸುತ್ತಾರೆ. ನೀರಿಗೆ ಇಳಿಯದೆ ಸಿಕ್ಕಿದ ಸರ್ಟಿಫಿಕೇಟ್ ಸುಳ್ಳು. ಹಡಗು ವ್ಯವಹಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಕಚೇರಿ ಡಿಜಿ ಶಿಪ್ಪಿಂಗ್. ಅದರ ಮಾನ್ಯತೆ ಇರುವ ಸಂಸ್ಥೆಗೆ ನೀವೇ ಹೋಗಿ ಸೇರಿ, ಫೀಸನ್ನು ಅಲ್ಲೇ ಕಟ್ಟಿ. ಪ್ರತಿ ನಾವಿಕನಿಗೂ ಅದು ಕೊಡುವ ಇಂಡೋಸ್ ನಂಬರ್ ಹಾಕಿದರೆ ನಿಮ್ಮ ಕೋರ್ಸ್‌ಗಳ ವಿವರ ಡಿಜಿ ಶಿಪ್ಪಿಂಗ್ ವೆಬ್‌ಸೈಟ್‌ನಲ್ಲೇ ಕಾಣುತ್ತದೆ.

ಆಮೇಲೆ ಆಫರ್ ಲೆಟರ್ ಬಂತು. ದೊಡ್ಡ ಕಂಪನಿಯ ಲೋಗೋ, ಕೆಳಗೆ ಆರ್‌ಪಿಎಸ್‌ಎಲ್ ನಂಬರ್. ಹಡಗಿಗೆ ಜನ ಕಳಿಸುವ ಏಜೆನ್ಸಿಗೆ ಡಿಜಿ ಶಿಪ್ಪಿಂಗ್ ಕೊಡುವ ಲೈಸೆನ್ಸ್ ಅದು. ನಂಬರ್ ಇದೆಯಲ್ಲ ಅಂತ ನಾನು ಸುಮ್ಮನಾದೆ. ಹರಿಹರದ ಒಬ್ಬ ಸೀನಿಯರ್ ರಜೆಗೆ ಬಂದಿದ್ದರು. ಹಡಗಿನಲ್ಲಿ ಕ್ಯಾಬಿನ್ ಸ್ಟೀವರ್ಡ್. ಅವರಿಗೆ ಲೆಟರ್ ತೋರಿಸಿದೆ. ಮೊದಲ ಪುಟ ಓದುತ್ತಲೇ, "ಎರಡು ವರ್ಷದ ಕಾಂಟ್ರಾಕ್ಟಾ? ಹಿಂಗ್ ಇರೋದೇ ಇಲ್ಲ ಕಣಪ್ಪ" ಅಂದರು.

ಭಾರತ 2015ರಲ್ಲಿ ಒಪ್ಪಿಕೊಂಡ ಎಂಎಲ್‌ಸಿ 2006 ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ, ಒಬ್ಬರನ್ನು ಹಡಗಿನಲ್ಲಿ ಸತತವಾಗಿ ಸುಮಾರು 11 ತಿಂಗಳಿಗಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ಕ್ರೂಸ್‌ನ ಹೋಟೆಲ್ ವಿಭಾಗದಲ್ಲಿ ಕಾಂಟ್ರಾಕ್ಟ್ ಸಾಮಾನ್ಯವಾಗಿ 6ರಿಂದ 9 ತಿಂಗಳು. ಆಮೇಲೆ ಒಂದೆರಡು ತಿಂಗಳು ರಜೆ. ಹೆಚ್ಚಿನವರಿಗೆ ಆ ರಜೆಗೆ ಸಂಬಳ ಇರುವುದಿಲ್ಲ. ಹಾಗಾಗಿ ತಿಂಗಳ ಸಂಬಳವನ್ನು 12ರಿಂದ ಗುಣಿಸಿ ಮನೆಯಲ್ಲಿ ಆಸೆ ಹುಟ್ಟಿಸಬೇಡಿ.

ಟಿಪ್ಸ್ ವಿಷಯವನ್ನು ಆ ಸೀನಿಯರ್ ತಮ್ಮದೇ ಕಾಂಟ್ರಾಕ್ಟ್ ಫೋನಿನಲ್ಲಿ ತೆಗೆದು ತೋರಿಸಿದರು. ನನ್ನ ಲೆಟರ್‌ನಲ್ಲಿ 1,200 ಡಾಲರ್ ಸಂಬಳ, 'ಟಿಪ್ಸ್ 1,000 ಡಾಲರ್ ಬೇರೆ' ಅಂತ ಇತ್ತು. ಅವರದರಲ್ಲಿ ಮೂಲ ಸಂಬಳ ತೀರಾ ಕಡಿಮೆ. ಅದರ ಕೆಳಗೆ, ಟಿಪ್ಸ್ ಸೇರಿಸಿ ತಿಂಗಳಿಗೆ ಕನಿಷ್ಠ ಇಷ್ಟು ಎಂಬ ಗ್ಯಾರಂಟಿ ಮೊತ್ತ. ಅನೇಕ ಕಂಪನಿಗಳು ಪ್ರಯಾಣಿಕರ ಬಿಲ್‌ಗೆ ದಿನಕ್ಕೆ ಇಷ್ಟು ಅಂತ ಟಿಪ್ಸ್ ಸೇರಿಸಿ ವಸೂಲು ಮಾಡಿ, ಕ್ಯಾಬಿನ್, ಡೈನಿಂಗ್ ಮತ್ತಿತರ ವಿಭಾಗದವರಿಗೆ ಹಂಚುತ್ತವೆ. ಅವರ ಕಾಂಟ್ರಾಕ್ಟ್‌ನಲ್ಲಿ ಹಂಚಿದ್ದು ಕಡಿಮೆಯಾದರೆ ಕಂಪನಿ ಗ್ಯಾರಂಟಿ ಮೊತ್ತದವರೆಗೆ ತುಂಬಿಕೊಡುತ್ತದೆ. ಸಂಬಳದ ಮೇಲೆ ಇನ್ನೊಂದು ಸಂಬಳ ಅಲ್ಲ ಅದು. ಹಾಗಾಗಿ ಕಾಂಟ್ರಾಕ್ಟ್‌ನಲ್ಲಿ 'ಟಿಪ್ಸ್ ಸೇರಿ' ಅಂತಿದೆಯೋ 'ಟಿಪ್ಸ್ ಬೇರೆ' ಅಂತಿದೆಯೋ, ಆ ಒಂದು ಪದವನ್ನು ಮೊದಲು ಹುಡುಕಿ.

ಆಮೇಲೆ ಇಬ್ಬರೂ ಕೂತು dgshipping.gov.in ತೆರೆದು ಏಜೆನ್ಸಿಗಳ ಪಟ್ಟಿಯಲ್ಲಿ ಆ ಆರ್‌ಪಿಎಸ್‌ಎಲ್ ನಂಬರ್ ಹುಡುಕಿದೆವು. ನಂಬರ್ ನಿಜವೇ. ಆದರೆ ಅದು ಮುಂಬೈನ ಬೇರೊಂದು ಕಂಪನಿಯದು. ನಮ್ಮ ಏಜೆಂಟ್ ಅದನ್ನು ಕದ್ದು ಲೆಟರ್ ಮೇಲೆ ಹಾಕಿಕೊಂಡಿದ್ದ. ಪಟ್ಟಿಯಲ್ಲಿದ್ದ ಫೋನ್ ನಂಬರಿಗೆ ಕರೆ ಮಾಡಿದರೆ, "ನಿಮ್ಮ ಹೆಸರೇ ನಮ್ಮಲ್ಲಿಲ್ಲ" ಎಂದರು. ನೀವೂ ಲೆಟರ್‌ನಲ್ಲಿರುವ ಫೋನ್ ನಂಬರ್ ಬಿಟ್ಟು, ಪಟ್ಟಿಯಲ್ಲಿರುವುದಕ್ಕೇ ಕರೆ ಮಾಡಿ. ಹೆಸರು, ವಿಳಾಸ, ನಂಬರ್ ಮೂರೂ ಹೊಂದಬೇಕು.

ಲೈಸೆನ್ಸ್ ಇದ್ದರೂ ಕೆಲಸ ಕೊಡಿಸಿದ್ದಕ್ಕೆ ಏಜೆನ್ಸಿ ನಿಮ್ಮಿಂದ ಒಂದು ರೂಪಾಯಿ ಪಡೆಯುವಂತಿಲ್ಲ. ಮೆಡಿಕಲ್, ಪಾಸ್‌ಪೋರ್ಟ್, ಸಿಡಿಸಿ ಖರ್ಚು ನಿಮ್ಮದು. ವೀಸಾ ಖರ್ಚು ಹಡಗಿನ ಮಾಲೀಕರದು ಅಂತ ಎಂಎಲ್‌ಸಿಯಲ್ಲೇ ಬರೆದಿದೆ. ನಾನು ವೀಸಾಕ್ಕೆ ಅಂತ ಕೊಟ್ಟದ್ದೇ ಒಂದು ಲಕ್ಷ. (ಗಲ್ಫ್ ಹೋಟೆಲ್‌ಗಳ ಕೆಲಸಕ್ಕೆ ನಿಯಮ ಬೇರೆ. ಅದರ ಏಜೆಂಟ್ ವಿದೇಶಾಂಗ ಸಚಿವಾಲಯದ ಇಮೈಗ್ರೇಟ್ ವೆಬ್‌ಸೈಟ್‌ನ ಪಟ್ಟಿಯಲ್ಲಿರಬೇಕು. ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ ಮೀರಬಾರದು.)

ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟಿದ್ದೇನೆ. ಯುಪಿಐ ಸ್ಕ್ರೀನ್‌ಶಾಟ್, ವಾಟ್ಸಾಪ್ ಮಾತುಕತೆ, ಲೆಟರ್ ಎಲ್ಲ ಸಲ್ಲಿಸಿದ್ದೇನೆ. ಇನ್ನೂ ದುಡ್ಡು ಬಂದಿಲ್ಲ. ಆ ಬಾಡಿಗೆ ರೂಮಿನಲ್ಲಿ ನನ್ನ ಜೊತೆ ಇನ್ನೂ ಹನ್ನೊಂದು ಹುಡುಗರಿದ್ದರು, ಅವರಲ್ಲಿ ಚಿತ್ರದುರ್ಗದವರೇ ನಾಲ್ಕು ಜನ. ನಿಮ್ಮಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ದುಡ್ಡು ಕಟ್ಟಿದ ದಾಖಲೆ ತೆಗೆದುಕೊಂಡು ಬನ್ನಿ. ಠಾಣೆಗೆ ನಾನೂ ಜೊತೆಗೆ ಬರುತ್ತೇನೆ.