ಹೊಸ ಟೈರ್ ಹಾಕಿಸಲು ಹೋಗಿ ಅಲಾಯ್ ಚಕ್ರ ಬಾಗಿಸಿಕೊಂಡು ಬಂದೆ

ಬೆಳಗಾವಿಯಲ್ಲಿ ಕಾರಿಗೆ ಟೈರ್ ಬದಲಿಸಬೇಕೆಂದಿರುವವರು ಹತ್ತು ನಿಮಿಷ ಬಿಡುವು ಮಾಡಿಕೊಂಡು ಇದನ್ನು ಓದಿ. ಅಂಗಡಿಯ ಹೆಸರು ಬರೆಯುವುದಿಲ್ಲ. ಬರೆದರೆ ನೀವು ಅದೊಂದನ್ನು ಬಿಟ್ಟು ಪಕ್ಕದ್ದಕ್ಕೆ ಹೋಗುತ್ತೀರಿ. ಅಲ್ಲಿಯೂ ಅದೇ ಯಂತ್ರ, ಅದೇ ಅವಸರ.

ನನ್ನದು 16 ಇಂಚಿನ ಅಲಾಯ್ ಚಕ್ರಗಳಿರುವ ಕಾರು. ಹಳೆಯ ಟೈರುಗಳು ಸವೆದಿದ್ದವು, ನಾಲ್ಕನ್ನೂ ಒಟ್ಟಿಗೆ ಬದಲಿಸಲು ಒಂದು ಭಾನುವಾರ ಬೆಳಿಗ್ಗೆ ಹೋದೆ. ಮುಂದೆ ಐದು ಕಾರು ನಿಂತಿದ್ದವು. ಕೆಲಸ ಮಾಡುತ್ತಿದ್ದವರು ಇಬ್ಬರು ಹುಡುಗರು. ನಮ್ಮ ಸರದಿ ಬಂದಾಗ ನಾನು ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕುಳಿತಿದ್ದೆ. ಇಡೀ ಪ್ರಕರಣದಲ್ಲಿ ನನ್ನ ಪಾಲಿನ ತಪ್ಪು ಇದೇ.

ಮರಳಿ ಬಂದಾಗ ಮೂರು ಚಕ್ರಗಳ ಮುಂದಿನ ಅಂಚಿನಲ್ಲಿ ಹೊಸ ಗೀರುಗಳಿದ್ದವು. ಒಂದರಲ್ಲಂತೂ ಬೆರಳಿನುದ್ದದ ಗೀರು, ಉಗುರಿಟ್ಟರೆ ಸಿಕ್ಕಿಕೊಳ್ಳುವಷ್ಟು ಆಳ. "ಪಾಲಿಶ್ ಹೊಡೆದರೆ ಹೋಗುತ್ತದೆ ಸಾಹೇಬರೇ" ಎಂದ ಹುಡುಗ. ನಾನು ಅರ್ಧ ಗಂಟೆ ಗೀರಿನ ಬಗ್ಗೆಯೇ ಜಗಳವಾಡಿದೆ. ನಿಜವಾದ ಹಾನಿ ಎಡ ಮುಂದಿನ ಚಕ್ರದ ಹಿಂಬದಿಯಲ್ಲಿ, ಬಗ್ಗಿ ನೋಡದ ಹೊರತು ಕಾಣದ ಜಾಗದಲ್ಲಿ ಆಗಿತ್ತು.

ಮರುವಾರ ಹುಬ್ಬಳ್ಳಿಗೆ ಹೊರಟಿದ್ದೆವು. ಹಿರೇಬಾಗೇವಾಡಿ ಟೋಲ್ ದಾಟಿ ವೇಗ 80ಕ್ಕೆ ಏರಿದ್ದೇ ಸ್ಟೀರಿಂಗ್ ಸಣ್ಣಗೆ ನಡುಗತೊಡಗಿತು. ವೇಗ ತಗ್ಗಿಸಿದರೆ ನಿಲ್ಲುತ್ತದೆ, ಏರಿಸಿದರೆ ಮತ್ತೆ ಶುರು. ಮರಳಿ ಅದೇ ಅಂಗಡಿಗೆ ಒಯ್ದೆ. ಚಕ್ರ ಬಿಚ್ಚಿ ಬ್ಯಾಲೆನ್ಸಿಂಗ್ ಯಂತ್ರಕ್ಕೆ ಏರಿಸಿದರು. ಪರದೆಯ ಮೇಲೆ ಎರಡೂ ಕಡೆ ಸೊನ್ನೆ ಬಂತು. "ನೋಡಿ, ಬ್ಯಾಲೆನ್ಸಿಂಗ್ ಸರಿಯಾಗಿದೆ, ನಿಮ್ಮ ಸಸ್ಪೆನ್ಷನ್ ತೋರಿಸಿಕೊಳ್ಳಿ" ಎಂದರು. ನಾನು ನಂಬಿದೆ. ಆ ಸೊನ್ನೆಯ ಅರ್ಥ ಆಗ ನನಗೆ ಗೊತ್ತಿರಲಿಲ್ಲ. ಬ್ಯಾಲೆನ್ಸಿಂಗ್ ಯಂತ್ರ ಅಳೆಯುವುದು ಚಕ್ರದ ತೂಕ ಸುತ್ತಲೂ ಸಮನಾಗಿ ಹಂಚಿದೆಯೇ ಎಂಬುದನ್ನು. ಚಕ್ರ ದುಂಡಗಿದೆಯೇ, ನೇರವಾಗಿದೆಯೇ ಎಂಬುದನ್ನಲ್ಲ. ಬಾಗಿದ ಚಕ್ರಕ್ಕೂ ತಕ್ಕ ಜಾಗದಲ್ಲಿ ತೂಕ ಅಂಟಿಸಿದರೆ ಪರದೆ ಸೊನ್ನೆಯನ್ನೇ ತೋರಿಸುತ್ತದೆ.

ಇನ್ನೊಂದು ಕಾಟವೂ ಜೊತೆಗೂಡಿತು. ಅದೇ ಚಕ್ರದಲ್ಲಿ ನಾಲ್ಕು ದಿನಕ್ಕೊಮ್ಮೆ ಐದಾರು ಪಿಎಸ್‌ಐ ಗಾಳಿ ಇಳಿಯುತ್ತಿತ್ತು. ಪಂಕ್ಚರ್ ಅಂಗಡಿಯ ಕಾಕಾ ಟೈರನ್ನು ನೀರಿನಲ್ಲಿ ಮುಳುಗಿಸಿ ನೋಡಿದರು. ಮೊಳೆಯಿಲ್ಲ, ವಾಲ್ವ್ ಸೋರುತ್ತಿಲ್ಲ. ಚಕ್ರದ ಹಿಂಬದಿಗೆ ಸಾಬೂನು ನೀರು ಸುರಿದಾಗ ಟೈರು ರಿಮ್ಮನ್ನು ಕಚ್ಚುವ ಕಡೆ, ಒಂದೇ ಜಾಗದಲ್ಲಿ, ಸಾಸಿವೆಯಂಥ ಗುಳ್ಳೆಗಳು ಏಳುತ್ತಿದ್ದವು. "ರಿಮ್ಮಿಗೇ ಪೆಟ್ಟು ಬಿದ್ದಿದೆ" ಎಂದರು ಅವರು.

ನನ್ನ ಗೆಳೆಯನೊಬ್ಬ ಉದ್ಯಮಬಾಗದಲ್ಲಿ ಲೇಥ್ ಇಟ್ಟುಕೊಂಡಿದ್ದಾನೆ. ಟೈರ್ ಬಿಚ್ಚಿಸಿ ಬರಿಯ ಚಕ್ರವನ್ನು ಅವನಲ್ಲಿಗೆ ಒಯ್ದೆ. ನಡುವಿನ ರಂಧ್ರವನ್ನು ಆಧಾರವಾಗಿಟ್ಟು ಚಕ್ರ ಕೂರಿಸಿ, ಒಳ ಅಂಚಿಗೆ ಡಯಲ್ ಗೇಜ್ ಹಚ್ಚಿ, ಕೈಯಿಂದ ಮೆಲ್ಲಗೆ ತಿರುಗಿಸಿದ. ಮುಳ್ಳು ಹೆಚ್ಚು ಅಲುಗಲೇ ಇಲ್ಲ; ಸುತ್ತಿನ ಬಹುಭಾಗದಲ್ಲಿ ಏರುಪೇರು 0.3 ಮಿಲಿಮೀಟರಿನ ಒಳಗೇ ಇತ್ತು. ಆಮೇಲೆ ಒಂದು ಗೇಣಿನಷ್ಟು ಜಾಗದಲ್ಲಿ ಮುಳ್ಳು ಸರ್ರನೆ ಓಡಿ 2.4ಕ್ಕೆ ಹೋಗಿ ಹಿಂದಿರುಗಿತು. ಅಲ್ಲಿ ಬಣ್ಣ ಕಿತ್ತು, ಬಿಲ್ಲಿನಂತೆ ಬಾಗಿದ ಒಂದು ಉಜ್ಜುಗುರುತು, ಲೋಹ ಇನ್ನೂ ಹೊಳೆಯುತ್ತಿತ್ತು.

"ಇದು ಗುಂಡಿಯ ಪೆಟ್ಟಲ್ಲ" ಎಂದ ಗೆಳೆಯ. ಗುಂಡಿಗೆ ಬಿದ್ದರೆ ಅಂಚು ಸಾಮಾನ್ಯವಾಗಿ ಚಕ್ರದ ಕೇಂದ್ರದ ಕಡೆಗೆ ಕುಸಿದು ಅಲ್ಲಿ ಚಪ್ಪಟೆಯಾಗುತ್ತದೆ. ಇಲ್ಲಿ ದುಂಡು ಬಹುಮಟ್ಟಿಗೆ ಹಾಗೇ ಇದೆ, ಅಂಚು ಮಾತ್ರ ಪಕ್ಕಕ್ಕೆ, ಚಕ್ರದ ಮುಂಭಾಗದ ದಿಕ್ಕಿಗೆ ಒತ್ತಿಕೊಂಡಿದೆ. ಆ ದಿಕ್ಕಿಗೆ ಒತ್ತುವುದು ಟೈರ್ ಬಿಚ್ಚುವ ಯಂತ್ರದ ಸಲಿಕೆ.

ಇಲ್ಲಿಂದ ಮುಂದೆ ಯಂತ್ರದ ಮುಂದೆ ನಿಂತುಕೊಂಡಂತೆ ಕಲ್ಪಿಸಿಕೊಂಡು ಓದಿ. ಟೈರಿನ ಒಳ ಅಂಚಿನಲ್ಲಿ ಉಕ್ಕಿನ ತಂತಿ ಹುದುಗಿರುವ ಗಟ್ಟಿ ಬಳೆ ಇರುತ್ತದೆ. ಇದನ್ನು ಬೀಡ್ ಎನ್ನುತ್ತಾರೆ. ಮೊದಲ ಕೆಲಸ, ಗಾಳಿ ಪೂರ್ತಿ ಬಿಟ್ಟು ಬೀಡನ್ನು ರಿಮ್ಮಿನಿಂದ ಸಡಿಲಿಸುವುದು. ಯಂತ್ರದ ಪಕ್ಕದಲ್ಲಿ ಚಕ್ರವನ್ನು ನಿಲ್ಲಿಸಿ, ಗಾಳಿಯ ಒತ್ತಡದಿಂದ ನಡೆಯುವ ಉಕ್ಕಿನ ಸಲಿಕೆಯನ್ನು ಟೈರಿನ ಪಕ್ಕೆಗೆ ಒತ್ತುತ್ತಾರೆ. ಸಲಿಕೆಯ ಅಂಚು ರಿಮ್ಮಿನಿಂದ ಒಂದು ಬೆರಳಿನಷ್ಟಾದರೂ ದೂರ, ರಬ್ಬರಿನ ಮೇಲೆ ಇರಬೇಕು. ಹುಡುಗ ಕಣ್ಣಿಡದೆ ಪೆಡಲ್ ತುಳಿದರೆ ಸಲಿಕೆ ರಿಮ್ಮಿನ ಮೇಲೇ ಕೂರುತ್ತದೆ. ಅಲ್ಲಿ ಕೈಗೆ ಏನೂ ಗೊತ್ತಾಗುವುದಿಲ್ಲ, ಒತ್ತುವುದು ಯಂತ್ರ ತಾನೇ. ಉಕ್ಕಿನ ರಿಮ್ ಇದನ್ನು ಸ್ವಲ್ಪ ತಡೆದುಕೊಳ್ಳಬಹುದು. ಅಲಾಯ್ ಬಾಗುತ್ತದೆ, ಕೆಲವೊಮ್ಮೆ ಸಿಗಿಯುತ್ತದೆ. ಚಕ್ರದ ಎರಡೂ ಬದಿಗೆ ಈ ಕೆಲಸ ನಡೆಯುವುದರಿಂದ ಹಿಂಬದಿಯ ಅಂಚಿಗೆ ಏಟು ಬಿದ್ದರೆ ಮನೆಗೆ ಹೋದ ಮೇಲೂ ನಿಮಗೆ ತಿಳಿಯುವುದಿಲ್ಲ.

ನಂತರ ಚಕ್ರವನ್ನು ತಿರುಗುವ ಮೇಜಿನ ಮೇಲೆ ಮುಖ ಮೇಲಾಗಿ ಮಲಗಿಸಿ ನಾಲ್ಕು ಹಿಡಿಗಳಿಂದ ಬಿಗಿಯುತ್ತಾರೆ. ಅಲಾಯ್ ಚಕ್ರವನ್ನು ಹೊರಗಿನಿಂದ ಒಳಕ್ಕೆ ಹಿಡಿಯಬೇಕು, ಹಿಡಿಗಳಿಗೆ ಪ್ಲಾಸ್ಟಿಕ್ ಟೋಪಿ ಇರಬೇಕು. ಟೋಪಿ ಹರಿದಿದ್ದರೆ ಕೆಳ ಅಂಚಿನಲ್ಲಿ ಸಮದೂರದಲ್ಲಿ ನಾಲ್ಕು ಕಚ್ಚುಗಳು ಮೂಡುತ್ತವೆ. ಮೇಲಿನಿಂದ ಇಳಿಯುವ ಬಾತುಕೋಳಿ ಮೂತಿಯಂಥ ಹೆಡ್ ಟೈರನ್ನು ಎತ್ತಿ ಹೊರತೆಗೆಯುತ್ತದೆ, ಹೊಸದನ್ನು ಕೂರಿಸುವುದೂ ಅದೇ. ಅದು ರಿಮ್ಮಿಗೆ ತಾಗದೆ ಎರಡು ಮಿಲಿಮೀಟರಿನಷ್ಟು ಬಿಟ್ಟು ನಿಲ್ಲಬೇಕು, ತಾಗಿದರೂ ಉಜ್ಜದಂತೆ ಒಳಗೆ ಪ್ಲಾಸ್ಟಿಕ್ ತುಂಡು ಇರಬೇಕು. ಈ ತುಂಡು ಸವೆದು ಲೋಹ ಹೊರಬಂದಿದ್ದರೆ ಚಕ್ರದ ಮುಖದಂಚಿನ ಸುತ್ತ ಕಮಾನಿನಂಥ ಉದ್ದ ಗೀರು ಬೀಳುತ್ತದೆ. ಬರಿಯ ಲಿವರ್ ಒತ್ತಿದ ಕಡೆ ಒಂದೇ ಚುಕ್ಕೆಯಂಥ ತಗ್ಗು ಉಳಿಯುತ್ತದೆ. ಹೀಗಾಗಿ ಗಾಯ ನೋಡಿಯೇ ಯಾವ ಆಯುಧ ಎಂದು ಹೇಳಬಹುದು. ನನ್ನ ಮೂರು ಚಕ್ರಗಳ ಮೇಲಿದ್ದವು ಹೆಡ್ಡಿನ ಗೀರುಗಳು.

ಇದಕ್ಕೆಲ್ಲ ಮೂಲ ಎರಡು ಸೋಮಾರಿತನ. ಒಂದು, ಬೀಡಿಗೆ ಸಾಬೂನಿನ ಪೇಸ್ಟ್ ಹಚ್ಚದಿರುವುದು. ಎರಡು, ಹೆಡ್ಡಿನ ಎದುರು ದಿಕ್ಕಿನಲ್ಲಿ ಬೀಡನ್ನು ಕೈಯಿಂದ ಅದುಮಿ ರಿಮ್ಮಿನ ನಡುವಿನ ತಗ್ಗಿಗೆ ಇಳಿಸದಿರುವುದು. ಉಕ್ಕಿನ ತಂತಿಯ ಬಳೆ ಹಿಗ್ಗುವುದಿಲ್ಲ. ಒಂದು ಕಡೆ ಅದು ತಗ್ಗಿಗೆ ಇಳಿದರೆ ಮಾತ್ರ ಇನ್ನೊಂದು ಕಡೆ ರಿಮ್ ದಾಟುವಷ್ಟು ಸಡಿಲ ಸಿಗುತ್ತದೆ. ಇಳಿಸದೆ ಮೇಜು ತಿರುಗಿಸಿದರೆ ಎಲ್ಲ ಬಲವೂ ಹೆಡ್ಡಿನ ಮೇಲೆ, ಅದರಿಂದ ನಿಮ್ಮ ರಿಮ್ಮಿನ ಮೇಲೆ ಬೀಳುತ್ತದೆ. ಟೈರು ಕಿರುಗುಟ್ಟುತ್ತ ಮೇಜು ತಡೆತಡೆದು ತಿರುಗುತ್ತಿದ್ದರೆ "ತಮ್ಮಾ, ನಿಲ್ಲಿಸು" ಎನ್ನಲು ನಾಚಬೇಡಿ.

ಮೊದಲ ಅಂಗಡಿಯವರು ಏನೂ ಒಪ್ಪಲಿಲ್ಲ. ಗುಂಡಿಗೆ ಬಿದ್ದಿರಬೇಕು ಎಂದರು. ಟೈರ್ ಹಾಕುವ ಮೊದಲು ಆ ಅಂಚು ನೇರವಾಗಿತ್ತು ಎನ್ನಲು ನನ್ನಲ್ಲಿ ಒಂದು ಫೋಟೊ ಕೂಡ ಇರಲಿಲ್ಲ. ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಬಡಿದು ನೇರ ಮಾಡಿಸಬಹುದು ಎಂದು ಒಬ್ಬರು ಸಲಹೆ ಕೊಟ್ಟರು. ಗೆಳೆಯ ಬೇಡವೆಂದ. ಅಲಾಯ್ ಚಕ್ರಗಳಿಗೆ ಸಾಮಾನ್ಯವಾಗಿ ಕಾರ್ಖಾನೆಯಲ್ಲಿಯೇ ಹದವಾದ ಶಾಖ ಕೊಟ್ಟು ಗಟ್ಟಿ ಮಾಡಿರುತ್ತಾರೆ, ಅಳತೆಯಿಲ್ಲದೆ ಕಾಯಿಸಿದರೆ ಆ ಗಟ್ಟಿತನ ಹೋಗುತ್ತದೆ, ಬಡಿದರೆ ಕಾಣದ ಸೀಳು ಬಿಡಬಹುದು. ಕೊನೆಗೆ ಒಂದು ಚಕ್ರವನ್ನೇ ಕೊಂಡೆ. ಅದರ ಬೆಲೆ ಹೊಸ ಟೈರಿಗಿಂತ ಹೆಚ್ಚಾಯಿತು. ಉಳಿದ ಮೂರರ ಗೀರುಗಳಿಗೆ ಮಳೆಗಾಲಕ್ಕೆ ಮುಂಚೆ ಪಾರದರ್ಶಕ ಲ್ಯಾಕರ್ ಹಚ್ಚಿಸಿದೆ. ಹಾಗೆಯೇ ಬಿಟ್ಟಿದ್ದರೆ ನಮ್ಮೂರಿನ ಜಡಿಮಳೆಯಲ್ಲಿ ಗೀರಿನೊಳಗೆ ನೀರು ಇಳಿದು, ಮೇಲಿನ ಪದರದ ಕೆಳಗೆ ಬಿಳಿಯ ಎಳೆಗಳು ಹಬ್ಬುತ್ತಿದ್ದವು.

ಹೊಸ ಚಕ್ರಕ್ಕೆ ಟೈರ್ ಕೂರಿಸಲು ಬೇರೆ ಅಂಗಡಿಗೆ ಹೋದೆ, ಬುಧವಾರ ಮಧ್ಯಾಹ್ನ, ಬೇರೆ ಗಿರಾಕಿ ಇಲ್ಲದ ಹೊತ್ತು. ಅಲ್ಲಿದ್ದವರು ವಯಸ್ಸಾದ ಮಾಮಾ. ಕೆಲಸಕ್ಕೆ ಮೊದಲೇ ಕೇಳಿದೆ: "ಮಾಮಾ, ಹಿಡಿಗಳ ಟೋಪಿ, ಹೆಡ್ಡಿನ ಪ್ಲಾಸ್ಟಿಕ್ ಒಮ್ಮೆ ತೋರಿಸುತ್ತೀರಾ? ಬೀಡಿಗೆ ಪೇಸ್ಟ್ ಹಚ್ಚಿಯೇ ಕೂರಿಸಿ. ಬಡಿದು ಸಿಕ್ಕಿಸುವ ತೂಕ ಬೇಡ, ಒಳಬದಿಗೆ ಅಂಟಿಸುವುದೇ ಇರಲಿ. ಟೈರ್ ಹಾಕುವ ಮೊದಲು ಬರಿಯ ಚಕ್ರವನ್ನು ಬ್ಯಾಲೆನ್ಸಿಂಗ್ ಯಂತ್ರದಲ್ಲಿ ಒಮ್ಮೆ ತಿರುಗಿಸಿ ತೋರಿಸಿ." ಬೇಸರಪಡುತ್ತಾರೆ ಎಂದುಕೊಂಡಿದ್ದೆ. ಅವರು ಹೆಡ್ಡಿನ ಪ್ಲಾಸ್ಟಿಕ್ ನೋಡಿ, ತಾವೇ ಮುಖ ಸಿಂಡರಿಸಿ, ಡಬ್ಬಿಯಿಂದ ಹೊಸ ತುಂಡು ತೆಗೆದು ಹಾಕಿದರು. ಬೀಡ್ ಕೂರಿಸಲು ಗಾಳಿ ತುಂಬುವಾಗ 40 ಪಿಎಸ್‌ಐ ದಾಟಿಸಲಿಲ್ಲ. ಅಷ್ಟರಲ್ಲಿ ಕೂರದಿದ್ದರೆ ಗಾಳಿ ಬಿಟ್ಟು ಮತ್ತೆ ಪೇಸ್ಟ್ ಹಚ್ಚಬೇಕೇ ಹೊರತು ಇನ್ನಷ್ಟು ತುಂಬಬಾರದು ಎಂದು ತಾವೇ ಹೇಳಿದರು. ನಟ್ಟುಗಳನ್ನು ಮೊದಲು ಕೈಯಿಂದ ತಿರುಗಿಸಿ, ಕೊನೆಯ ಬಿಗಿತವನ್ನು ಟಾರ್ಕ್ ರೆಂಚಿನಿಂದ ಕೊಟ್ಟರು.

ಉಳಿದ ಮೂರು ಚಕ್ರಗಳನ್ನೂ ತೋರಿಸಿ ಎಂದು ಕೇಳಿಕೊಂಡೆ. ಇದಕ್ಕೆ ಟೈರ್ ಬಿಚ್ಚಬೇಕಿಲ್ಲ. ಯಂತ್ರಕ್ಕೆ ಏರಿಸಿ, ಒಂದು ಪೆನ್ನನ್ನು ಅಲುಗದಂತೆ ಆನಿಸಿ, ತುದಿಯನ್ನು ರಿಮ್ಮಿನ ಒಳ ಅಂಚಿಗೆ ತಾಗಿಯೂ ತಾಗದಂತೆ ಹಿಡಿದು ಚಕ್ರವನ್ನು ಕೈಯಿಂದ ನಿಧಾನವಾಗಿ ಸುತ್ತಿಸಬೇಕು. ಪೆನ್ನಿಗೂ ಅಂಚಿಗೂ ನಡುವಿನ ಸಂದು ಸುತ್ತಲೂ ಒಂದೇ ಇದ್ದರೆ ಚಿಂತೆಯಿಲ್ಲ. ಎಲ್ಲಿಯಾದರೂ ಅಗಲವಾಗಿ ಕಿರಿದಾದರೆ ಅಲ್ಲಿ ಬಾಗು ಇದೆ. ಎರಡು ಚಕ್ರಗಳು ನೆಟ್ಟಗಿದ್ದವು. ಬಲ ಹಿಂದಿನದರಲ್ಲಿ ಒಂದು ಕಡೆ ಸಂದು ತೆರೆದುಕೊಂಡಿತು. ನಾನು ಮತ್ತೆ ಮೊದಲ ಅಂಗಡಿಯವರನ್ನು ಬೈಯಲು ಬಾಯಿ ತೆರೆದೆ. ಮಾಮಾ ಬಗ್ಗಿ, ಬೆರಳಾಡಿಸಿ, ಅಂಚು ಕೇಂದ್ರದ ಕಡೆ ಕುಸಿದಿದ್ದನ್ನು ತೋರಿಸಿದರು. ಕುಸಿದ ಜಾಗದಲ್ಲಿ ಹಳೆಯ ಮಣ್ಣು ಮೆತ್ತಿಕೊಂಡು ಕಪ್ಪಾಗಿತ್ತು.

"ಗೋವೆಗೆ ಹೋಗಿದ್ದಿರಾ?" ಎಂದರು. ಹೋಗಿದ್ದೆವು, ಚೋರ್ಲಾ ಘಾಟಿನ ದಾರಿಯಲ್ಲಿ. ಗಾಳಿ ಸೋರುತ್ತಿಲ್ಲ, ಹಿಂದೆಯೇ ಇರಲಿ ಎಂದು ಹೇಳಿ, ಆ ಜಾಗಕ್ಕೆ ಸೀಮೆಸುಣ್ಣದಿಂದ ಸುತ್ತು ಹಾಕಿ, ನನ್ನ ಮೊಬೈಲಿನಲ್ಲೇ ಫೋಟೊ ತೆಗೆಸಿ, ಆಮೇಲೆ ಚಕ್ರವನ್ನು ಕಾರಿಗೆ ಏರಿಸಿದರು.