ಪೋರ್ಟ್ ಟ್ರಿಗರಿಂಗೋ, ಸ್ಥಿರ ಪೋರ್ಟ್ ಫಾರ್ವರ್ಡಿಂಗೋ: ಮನೆಯಲ್ಲಿ ಎರಡನ್ನೂ ನಡೆಸಿ ನೋಡಿದಾಗ

ನಮ್ಮ ಮನೆ ದಾವಣಗೆರೆಯ ವಿದ್ಯಾನಗರದಲ್ಲಿದೆ. ಮಗನ ಬಳಿ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಇದೆ. ಅಕ್ಕನ ಮಗ ಚಿತ್ರದುರ್ಗದಲ್ಲಿ ಅದೇ ಕನ್ಸೋಲನ್ನು ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿ ಆಡುತ್ತಾನೆ. ಆಟದ ಕಂಪನಿಯ ಸರ್ವರ್ ಮೂಲಕ ನಡೆಯುವ ಆಟಗಳಲ್ಲಿ ಇಬ್ಬರೂ ತಕರಾರಿಲ್ಲದೆ ಸೇರುತ್ತಿದ್ದರು. ಆದರೆ ಆಟಗಾರರಲ್ಲೇ ಒಬ್ಬನ ಕನ್ಸೋಲ್ ಆತಿಥೇಯನಾಗಿ ಉಳಿದವರನ್ನು ಬರಮಾಡಿಕೊಳ್ಳಬೇಕಾದ ಆಟಗಳಲ್ಲಿ, ನನ್ನ ಮಗ ತೆರೆದ ಕೋಣೆಯೊಳಗೆ ಅವನಿಗೆ ಪ್ರವೇಶವೇ ಸಿಗುತ್ತಿರಲಿಲ್ಲ. ಅರವತ್ತು ಕಿಲೋಮೀಟರ್ ಆಚೆಯಿಂದ ಫೋನ್ ಮಾಡಿ "ಮಾಮ, ನಿಮ್ಮ ರೂಟರ್ ಸ್ವಲ್ಪ ನೋಡಿ" ಎಂದು ಅವನು ಕೇಳಿಕೊಂಡ ಮೇಲೆ ನಾನು ಇದರಲ್ಲಿ ಕೈಹಾಕಿದೆ.

ಕನ್ಸೋಲ್‌ನಲ್ಲಿ Settings > General > Network settings ತೆರೆದು Test NAT type ಒತ್ತಿದೆ. NAT ಎಂದರೆ ಮನೆಯ ಹಲವು ಸಾಧನಗಳನ್ನು ರೂಟರ್ ಒಂದೇ ಹೊರವಿಳಾಸದ ಹಿಂದೆ ಇಡುವ ಏರ್ಪಾಡು. ನಮ್ಮದು Moderate ಎಂದು ಬಂತು. ಅವನದು Strict. ಇದರ ಅರ್ಥ ಇಷ್ಟೇ: Open ಇರುವವನು ಎಲ್ಲರೊಂದಿಗೂ ಕೂಡಿಕೊಳ್ಳಬಲ್ಲ; Moderate ಇರುವವನು Strict ಇರುವವನನ್ನು ಸಾಮಾನ್ಯವಾಗಿ ತಲುಪಲಾರ. ಮೊಬೈಲ್ ಕಂಪನಿಯ ಜಾಲದೊಳಗೆ ನಮ್ಮ ಕೈ ಓಡುವುದಿಲ್ಲವಾದ್ದರಿಂದ ಅವನ ಕಡೆ ಬದಲಿಸುವಂಥದ್ದು ಏನೂ ಇರಲಿಲ್ಲ. ನಮ್ಮ ಕಡೆಯನ್ನೇ Open ಮಾಡಬೇಕಿತ್ತು.

ರೂಟರ್ ತಾನಾಗಿ ಪೋರ್ಟ್, ಅಂದರೆ ಹೊರಗಿನ ಪ್ಯಾಕೆಟ್ ಒಳಬರುವ ಸಂಖ್ಯೆಯ ಬಾಗಿಲು, ತೆರೆದುಕೊಡುವ UPnP ಸೌಲಭ್ಯವನ್ನೇ ಮೊದಲು ನಂಬಬೇಕು. ಬಹಳಷ್ಟು ಮನೆಗಳಲ್ಲಿ ಅದೊಂದೇ ಸಾಕು. ನಮ್ಮ ರೂಟರಿನಲ್ಲಿ ಅದು ಚಾಲೂ ಇದ್ದರೂ ಫಲ ಕೊಡಲಿಲ್ಲ. ಕಾರಣ ತಿಳಿಯಲು ಎರಡು ಸಂಜೆ ಹಿಡಿಯಿತು. ರೂಟರಿನ ಹೊರಬದಿಯ ವಿಳಾಸವಾದ WAN ವಿಳಾಸ 100.72 ಎಂದು ಶುರುವಾಗುತ್ತಿತ್ತು. 100.64ರಿಂದ 100.127ರವರೆಗಿನ ವಿಳಾಸಗಳು ಇಂಟರ್ನೆಟ್ ಕೊಡುವವರು ಹಲವು ಗ್ರಾಹಕರನ್ನು ಒಂದೇ ಹೊರವಿಳಾಸದ ಹಿಂದೆ ಕೂರಿಸಲು ಬಳಸುವಂಥವು. ಅಂಥ ಸಾಲಿನಲ್ಲಿ ಹೊರಗಿನವರು ತಾವಾಗಿ ಕಳಿಸುವ ಪ್ಯಾಕೆಟ್ ನಮ್ಮ ರೂಟರಿನ ತನಕ ಬರುವುದೇ ಇಲ್ಲ. ಮನೆಯ ರೂಟರಿನಲ್ಲಿ ಫಾರ್ವರ್ಡಿಂಗ್ ಬರೆದರೂ ಟ್ರಿಗರಿಂಗ್ ಬರೆದರೂ ಅದು ಗೋಡೆಗೆ ಬರೆದ ಹಾಗೆ. ನಮ್ಮ ಸಂಪರ್ಕದವರನ್ನು ಕೇಳಿ, ತಿಂಗಳಿಗೆ ಸ್ವಲ್ಪ ಹೆಚ್ಚು ಹಣ ಕಟ್ಟಿ ಸಾರ್ವಜನಿಕ ವಿಳಾಸ ಪಡೆದೆ. ಫೈಬರ್ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸಿದೆ. ಇಲ್ಲದಿದ್ದರೆ ಅದೊಂದು, ನಮ್ಮ ರೂಟರೊಂದು ಎಂದು ಎರಡು ಬಾಗಿಲುಗಳಾಗಿ, ಕನ್ಸೋಲ್ Double NAT detected ಎನ್ನುತ್ತದೆ. ಹೋಲಿಕೆ ಶುರುವಾದದ್ದು ಇದಾದ ಮೇಲೆ. ಎರಡು ವಿಧಾನಗಳೂ ಒಂಟಿಯಾಗಿ ಏನು ಮಾಡುತ್ತವೆ ಎಂದು ತಿಳಿಯಲು UPnP ಆಫ್ ಮಾಡಿಟ್ಟೆ.

ಮೊದಲು ಸ್ಥಿರ ಫಾರ್ವರ್ಡಿಂಗ್. ಎಕ್ಸ್‌ಬಾಕ್ಸ್ ಇತರ ಕನ್ಸೋಲ್‌ಗಳ ಜೊತೆ ಮಾತಾಡಲು ಬಳಸುವ ಮುಖ್ಯ ಪೋರ್ಟ್ 3074. ಹೊರಗಿನಿಂದ 3074ಕ್ಕೆ ಬಂದದ್ದನ್ನೆಲ್ಲ ಮನೆಯೊಳಗೆ ಕನ್ಸೋಲ್‌ನ ವಿಳಾಸವಾದ 192.168.1.7ಕ್ಕೆ ಕೊಡು ಎಂದು UDPಗೂ TCPಗೂ ನಿಯಮ ಬರೆದೆ. ಪರೀಕ್ಷೆಯಲ್ಲಿ Open ಬಂತು. ಅಂದು ರಾತ್ರಿ ಇಬ್ಬರೂ ಒಂದೇ ಕೋಣೆಯಲ್ಲಿ ಆಡಿದರು.

ಮೂರನೆಯ ದಿನ ಮಧ್ಯಾಹ್ನ ಕರೆಂಟ್ ಹೋಗಿ ಬಂತು. ಸಂಜೆಗೆ ಮತ್ತೆ Moderate. ನಿಯಮ ಹಾಗೆಯೇ ಇತ್ತು, ಅಕ್ಷರವೂ ಬದಲಾಗಿರಲಿಲ್ಲ. ಬದಲಾದದ್ದು ಮನೆಯೊಳಗಿನ ವಿಳಾಸ. ಕರೆಂಟ್ ಬಂದೊಡನೆ ಟಿವಿ ಮೊದಲು ಎದ್ದು 192.168.1.7ನ್ನು ತೆಗೆದುಕೊಂಡಿತ್ತು, ಆಮೇಲೆ ಎದ್ದ ಕನ್ಸೋಲ್‌ಗೆ 192.168.1.9 ಸಿಕ್ಕಿತ್ತು. ಅಂದರೆ ನಮ್ಮ 3074 ಪೋರ್ಟ್ ಅಂದು ಸಂಜೆಯವರೆಗೆ ಟಿವಿಯ ಕಡೆ ತೆರೆದಿತ್ತು. ಸ್ಥಿರ ಫಾರ್ವರ್ಡಿಂಗ್‌ನ ನಿಜವಾದ ಅಪಾಯವನ್ನು ನಾನು ಇಲ್ಲಿ ಕಾಣುತ್ತೇನೆ. ಆಫ್ ಮಾಡಿಟ್ಟ ಕನ್ಸೋಲ್‌ನ ಕಡೆ ತೆರೆದಿರುವ ಪೋರ್ಟ್‌ನಿಂದ ಕೆಡುವುದು ಹೆಚ್ಚೇನಿಲ್ಲ. ಆದರೆ ನಿಯಮಕ್ಕೆ ಗೊತ್ತಿರುವುದು ವಿಳಾಸ ಮಾತ್ರ, ಆ ವಿಳಾಸದಲ್ಲಿ ಯಾರು ಕುಳಿತಿದ್ದಾರೆ ಎಂಬುದಲ್ಲ.

ಆದ್ದರಿಂದ ಫಾರ್ವರ್ಡಿಂಗ್ ನಿಯಮದ ಜೊತೆಗೆ ವಿಳಾಸ ಕಾಯ್ದಿರಿಸುವುದೂ ಸೇರಿದರೆ ಮಾತ್ರ ಕೆಲಸ ಪೂರ್ತಿ. ರೂಟರಿನಲ್ಲಿ ಮನೆಯೊಳಗಿನ ವಿಳಾಸ ಹಂಚುವ DHCP ಪುಟದಲ್ಲಿ Address reservation ಎಂಬಲ್ಲಿ ಕನ್ಸೋಲ್‌ನ ಗುರುತಾದ MAC ಸಂಖ್ಯೆ ಕೊಟ್ಟು 192.168.1.7ನ್ನು ಅದಕ್ಕೇ ಮೀಸಲಿಟ್ಟೆ. ಇಲ್ಲಿ ಗಮನಿಸಬೇಕಾದದ್ದು ಒಂದಿದೆ: ಕನ್ಸೋಲ್‌ಗೆ ವೈಫೈಗೆ ಒಂದು MAC, ತಂತಿಗೆ ಬೇರೊಂದು MAC ಇರುತ್ತದೆ. ವೈಫೈ ಸಂಖ್ಯೆ ಮೀಸಲಿಟ್ಟು ನಾಳೆ ಕೇಬಲ್ ಚುಚ್ಚಿದರೆ ವಿಳಾಸ ಮತ್ತೆ ತಪ್ಪುತ್ತದೆ. ಮೀಸಲಿಟ್ಟ ಮೇಲೆ ಎಷ್ಟು ಸಲ ಕರೆಂಟ್ ಹೋದರೂ Open ಅಲುಗಲಿಲ್ಲ.

ಇನ್ನು ಟ್ರಿಗರಿಂಗ್. ಇದರಲ್ಲಿ ಮನೆಯೊಳಗಿನ ವಿಳಾಸವನ್ನು ಬರೆಯುವುದೇ ಇಲ್ಲ. ಒಳಗಿನ ಯಾವುದಾದರೂ ಸಾಧನ ಹೊರಗಿನ ಒಂದು ನಿರ್ದಿಷ್ಟ ಪೋರ್ಟ್‌ಗೆ ಪ್ಯಾಕೆಟ್ ಕಳಿಸಿದರೆ, ರೂಟರ್ ಅದನ್ನು ಕಂಡು, ಕಳಿಸಿದ ಸಾಧನಕ್ಕೇ ಇನ್ನೊಂದು ಪೋರ್ಟನ್ನು ಒಳಮುಖವಾಗಿ ತೆರೆದುಕೊಡುತ್ತದೆ. ಸದ್ದಿಲ್ಲದೆ ಇಷ್ಟು ನಿಮಿಷ ಕಳೆದರೆ ಮುಚ್ಚುತ್ತದೆ. ಕರೆಂಟ್ ಹೋಗಿ ವಿಳಾಸ ಬದಲಾದರೂ ಇದಕ್ಕೆ ಬಾಧಕವಿಲ್ಲ. ಕೇಳಲು ಇದೇ ಉತ್ತಮ ಎನ್ನಿಸುತ್ತದೆ. ನನಗೂ ಹಾಗೆಯೇ ಅನ್ನಿಸಿತ್ತು.

ಮೊದಲ ಸಲ ಟ್ರಿಗರ್ ಪೋರ್ಟ್, ತೆರೆಯಬೇಕಾದ ಪೋರ್ಟ್ ಎರಡೂ ಜಾಗದಲ್ಲಿ 3074 ಎಂದೇ ಬರೆದೆ. ಕೆಲವೊಮ್ಮೆ ಕೆಲಸ ಮಾಡುತ್ತಿತ್ತು, ಕೆಲವೊಮ್ಮೆ ಇಲ್ಲ. ರೂಟರ್ ನೋಡುವುದು ಪ್ಯಾಕೆಟ್ ಹೋಗಿ ಸೇರಬೇಕಾದ ಪೋರ್ಟನ್ನು. 3074 ನಮ್ಮ ಕನ್ಸೋಲ್‌ನ ಸ್ವಂತ ಪೋರ್ಟ್. ಆಚೆಯವನ ಪೋರ್ಟ್ ಕೂಡ 3074 ಆಗಿದ್ದರೆ ಮಾತ್ರ ಟ್ರಿಗರ್ ಎಳೆಯುತ್ತದೆ. ಮೊಬೈಲ್ ಜಾಲದ ಹಿಂದಿರುವ ಅಳಿಯನ ಪೋರ್ಟ್ ಅಲ್ಲಿ ಬೇರೆ ಸಂಖ್ಯೆಗೆ ಬದಲಾಗಿರುತ್ತದೆ. ಹಾಗಾಗಿ ಯಾರಿಗಾಗಿ ಬಾಗಿಲು ತೆರೆಯಬೇಕಿತ್ತೋ ಅವನಿಗೇ ಅದು ತೆರೆಯುತ್ತಿರಲಿಲ್ಲ.

ಎರಡನೆಯ ಸಲ ಟ್ರಿಗರ್ ಜಾಗದಲ್ಲಿ UDP 88 ಹಾಕಿದೆ. ಕನ್ಸೋಲ್ ಖಾತೆಗೆ ಪ್ರವೇಶಿಸುವಾಗ ಬಳಸುವ ಪೋರ್ಟ್ ಅದು. ಚಾಲೂ ಮಾಡಿದೊಡನೆ Open ಬಂತು. ಮಗ ಕೋಣೆ ತೆರೆದು ಕಾದ. ಅಳಿಯನಿಗೆ ಮನೆಪಾಠ ಮುಗಿಯುವುದು ತಡವಾಗಿ, ಅರ್ಧ ಗಂಟೆಯ ಮೇಲೆ ಬಂದ. ಸೇರಲು ಆಗಲಿಲ್ಲ. ನಮ್ಮ ರೂಟರಿನ ಕಾಲಮಿತಿ ಇಪ್ಪತ್ತು ನಿಮಿಷ. ಪ್ರವೇಶದ ಹೊತ್ತಿನಲ್ಲಿ ಒಮ್ಮೆ ಎಳೆದ ಟ್ರಿಗರ್, ಯಾರೂ ಬಾರದೆ ಸುಮ್ಮನಿದ್ದ ಪೋರ್ಟ್, ಇಪ್ಪತ್ತು ನಿಮಿಷಕ್ಕೆ ಮುಚ್ಚಿಕೊಂಡಿತ್ತು. ಆತಿಥೇಯನಾಗಿ ಕಾಯುವ ಕನ್ಸೋಲ್‌ಗೂ ಟ್ರಿಗರಿಂಗ್‌ಗೂ ಇರುವ ವಿರೋಧ ಇದೇ. ಅತಿಥಿ ಹೊರಗಿನಿಂದ ಬರುವವನು. ಆದರೆ ಟ್ರಿಗರಿಂಗ್‌ನಲ್ಲಿ ಒಳಗಿನವನು ಮೊದಲು ಹೊರಗೆ ಮಾತಾಡಿದರೆ ಮಾತ್ರ ಬಾಗಿಲು ತೆರೆಯುತ್ತದೆ.

ಮೂರನೆಯ ಸಲ ಈ ನಿಯಮ ಬರೆದೆ:

```
Trigger: UDP 3544
Open:    UDP 3074
Timeout: 20 min
```

3544 ಟೆರೆಡೊ ಎಂಬ ಸುರಂಗದ ಸರ್ವರಿನ ಪೋರ್ಟ್. ಎಕ್ಸ್‌ಬಾಕ್ಸ್ ಆಟಗಾರರ ನಡುವಿನ ಮಾತನ್ನು ಈ ಸುರಂಗದ ಮೂಲಕ ಒಯ್ಯುತ್ತದೆ. ಸುರಂಗ ಜೀವಂತವಾಗಿರಲೆಂದು ಆಗಾಗ ಸರ್ವರಿಗೆ ಚಿಕ್ಕ ಪ್ಯಾಕೆಟ್ ಕಳಿಸುತ್ತಿರುತ್ತದೆ. ಪ್ರತಿ ಪ್ಯಾಕೆಟ್‌ನೊಂದಿಗೆ ನಮ್ಮ ರೂಟರ್ ಗಡುವನ್ನು ಮತ್ತೆ ಮೊದಲಿನಿಂದ ಎಣಿಸಿತು. ಒಂದು ಗಂಟೆ ಕಾದ ಮೇಲೆ ಅಳಿಯ ಬಂದಾಗಲೂ ನೇರವಾಗಿ ಸೇರಿದ. ಟ್ರಿಗರ್ ಪೋರ್ಟ್ ಆರಿಸುವುದರಲ್ಲಿಯೇ ಇಡೀ ವ್ಯವಸ್ಥೆಯ ಜೀವ ಇದೆ ಎಂದು ನನಗೆ ಮನವರಿಕೆಯಾದದ್ದು ಆಗ: ಕನ್ಸೋಲ್ ತಾನಾಗಿ, ಪದೇ ಪದೇ ಹೋಗಿ ಮುಟ್ಟುವ ಪೋರ್ಟ್ ಬೇಕು.

ದಸರಾ ರಜೆಗೆ ಅಳಿಯ ಕನ್ಸೋಲ್ ಹೊತ್ತುಕೊಂಡು ನಮ್ಮ ಮನೆಗೇ ಬಂದ. ಬೆಳಿಗ್ಗೆ ಬೆಣ್ಣೆದೋಸೆ, ಸಂಜೆ ಮಂಡಕ್ಕಿ ಮೆಣಸಿನಕಾಯಿ, ನಡುವೆ ಆಟ. ಮಗನ ಕನ್ಸೋಲ್‌ಗೆ ಸ್ಥಿರ ನಿಯಮವಿದ್ದಾಗ ಅಳಿಯನದು Moderate ತೋರಿಸಿತು, ಏಕೆಂದರೆ 3074 ಒಂದೇ ವಿಳಾಸಕ್ಕೆ ಹೋಗುತ್ತದೆ. ಸ್ಥಿರ ನಿಯಮ ತೆಗೆದು ಟ್ರಿಗರಿಂಗ್ ಹಾಕಿದೆ. ಬೆಳಿಗ್ಗೆ ಒಬ್ಬ, ಮಧ್ಯಾಹ್ನ ಇನ್ನೊಬ್ಬ ಆಡಿದ ದಿನ ಇಬ್ಬರಿಗೂ Open ಸಿಕ್ಕಿತು. ನಾನು ರೂಟರ್ ಮುಟ್ಟಲೇ ಇಲ್ಲ. ಒಬ್ಬ ಆಫ್ ಮಾಡಿದ ತಕ್ಷಣ ಇನ್ನೊಬ್ಬ ಕೂತರೆ ಮಾತ್ರ ಹಳೆಯ ಗಡುವು ಮುಗಿಯುವವರೆಗೆ Moderate ಇರುತ್ತಿತ್ತು. ಕಾಲಮಿತಿಯನ್ನು ಐದು ನಿಮಿಷಕ್ಕೆ ಇಳಿಸಿದೆ. ಕಾಯುವುದು ಐದು ನಿಮಿಷಕ್ಕೆ ಇಳಿಯಿತು.

ಇಬ್ಬರೂ ಒಟ್ಟಿಗೆ ಕೂತಾಗ ಟ್ರಿಗರಿಂಗ್ ಸೋತಿತು. ಮೊದಲು ಎಳೆದವನಿಗೆ ಪೋರ್ಟ್, ಇನ್ನೊಬ್ಬನಿಗೆ ಇಲ್ಲ. "ಅಪ್ಪ, ಅವನದನ್ನೂ ಸರಿಮಾಡಿ" ಎಂದು ಮಗನೇ ಹೇಳಿದ. ಅಳಿಯನ ಕನ್ಸೋಲ್‌ನಲ್ಲಿ Advanced settings ಒಳಗಿನ Alternate port selection ತೆರೆದು, ಅದು ಕೊಡುವ ಪಟ್ಟಿಯಿಂದ ಐದಂಕಿಯ ಪೋರ್ಟೊಂದನ್ನು ಆರಿಸಿದೆ. ಮತ್ತೆ ಸ್ಥಿರ ಫಾರ್ವರ್ಡಿಂಗ್‌ಗೆ ಮರಳಿ, ಮಗನಿಗೆ 3074, ಅಳಿಯನಿಗೆ ಆ ಹೊಸ ಪೋರ್ಟ್ ಎಂದು ಬೇರೆ ಬೇರೆ ನಿಯಮ ಬರೆದೆ. ಇಬ್ಬರ ವಿಳಾಸವನ್ನೂ ಮೀಸಲಿಟ್ಟೆ. ಎರಡು ಪರದೆಗಳಲ್ಲೂ Open ಬಂತು.

ಪ್ಲೇಸ್ಟೇಷನ್ ಇರುವವರಿಗೆ ಒಂದು ಮಾತು. ಅಲ್ಲಿ NAT Type 2 ಬಂದರೆ ಸಾಮಾನ್ಯವಾಗಿ ಸಾಕು. ರೂಟರ್ ಹಿಂದೆ ಕುಳಿತ ಕನ್ಸೋಲ್‌ಗೆ ಬರಬೇಕಾದದ್ದೂ ಅದೇ. Type 1 ಬರಲಿಲ್ಲವೆಂದು ನಿಯಮ ಬರೆಯುತ್ತಾ ಕೂರಬೇಡಿ. Type 3 ಬಂದು ಗೆಳೆಯರ ಧ್ವನಿ ಕೇಳಿಸದಿದ್ದರೆ UDP 3478, 3479ನ್ನು ಕಾಯ್ದಿರಿಸಿದ ವಿಳಾಸಕ್ಕೆ ಫಾರ್ವರ್ಡ್ ಮಾಡಿ ನೋಡಬಹುದು, ಆದರೆ ಅದಕ್ಕೂ ಮೊದಲು WAN ವಿಳಾಸ ಪರಿಶೀಲಿಸಿ.

ಒಂದೇ ಜಾಗದಲ್ಲಿ ಇರುವ, ಆತಿಥೇಯನಾಗಿ ಕಾಯುವ ಕನ್ಸೋಲ್‌ಗೆ ನಾನು ಸ್ಥಿರ ಫಾರ್ವರ್ಡಿಂಗನ್ನೇ ಆರಿಸುತ್ತೇನೆ. ಎರಡು ಕನ್ಸೋಲ್ ಒಟ್ಟಿಗೆ ನಡೆಯುವುದಾದರೂ ಅದೇ, ಪೋರ್ಟ್ ಬೇರೆ ಮಾಡಿ. ಟ್ರಿಗರಿಂಗ್ ಬೇಕಾಗುವುದು ಪಾಳಿಯ ಮೇಲೆ ಆಡುವ ಮನೆಗೆ, ಅಥವಾ ಬಂದವರು ತಮ್ಮ ಕನ್ಸೋಲ್ ಚುಚ್ಚಿ ಹೋಗುವ ಹಾಸ್ಟೆಲ್ ಕೋಣೆಯಂಥ ಕಡೆಗೆ, ಅಲ್ಲಿ ಯಾರ MAC ಬರೆದಿಡುವುದು? ಅಳಿಯ ಚಿತ್ರದುರ್ಗಕ್ಕೆ ಹೊರಟ ಸಂಜೆ ಅವನ ಹೆಸರಿನಲ್ಲಿದ್ದ ಎರಡೂ ನಿಯಮಗಳನ್ನು ಅಳಿಸಿದೆ. ವಿಳಾಸ ಮಾತ್ರ ಹಾಗೆಯೇ ಮೀಸಲಿದೆ. ಬೇಸಿಗೆ ರಜೆಗೆ ಮತ್ತೆ ಬರುತ್ತೇನೆಂದು ಹೇಳಿ ಹೋಗಿದ್ದಾನೆ.